ಸಾಲಕ್ಕೆ ತಿಂಗಳ ಲೆಕ್ಕ ಬರೆಯುವವರ ಗಮನಕ್ಕೆ

ಅಕ್ಕಂದಿರೇ, ಮುದ್ರಾ ಸಾಲಕ್ಕೆ ನಾನು ಬರೆದ ಮೊದಲ ಲೆಕ್ಕ ವಾಪಸ್ ಬಂತು. ಮನೆ ರೇಷನ್ನೂ ಚಕ್ಕುಲಿ ಸಾಮಾನೂ ಒಂದೇ ಚೀಟಿಯಲ್ಲಿದ್ದವು, ಲಾಭವೇ ಕಾಣುತ್ತಿರಲಿಲ್ಲ!

ಬೇರೆ ಮಾಡಿದ ಮೇಲೆ ಹೀಗಾಯಿತು. ಮಾರಾಟದಿಂದ ಕೈಗೆ ಬಂದದ್ದು 38,000. ಅಕ್ಕಿಹಿಟ್ಟು, ಎಣ್ಣೆ ಎಲ್ಲ ಸೇರಿ 19,000. ಗ್ಯಾಸ್ 3,000, ಕವರ್ ಮತ್ತು ಆಟೋ 3,000, ಕೆಲಸದವರ ಕೂಲಿ 3,000. ಉಳಿದದ್ದು 10,000. ಸಂಘದ ಹಳೇ ಸಾಲದ ಕಂತು 2,000 ಇದರೊಳಗೆ ಬೆರೆಸಬೇಡಿ, ಕೆಳಗೆ ಬೇರೆಯಾಗಿ ತೋರಿಸಿ. ಮಿಕ್ಕ 8,000ದಲ್ಲೇ ಹೊಸ ಕಂತೂ ಕಟ್ಟಬೇಕು, ಮನೆಯೂ ನಡೆಯಬೇಕು ಅಲ್ವಾ?

ಯುಪಿಐಯಲ್ಲಿ ಬಂದ 29,000 ಪಾಸ್‌ಬುಕ್ಕಿನಲ್ಲೇ ಕಾಣುತ್ತದೆ. ನಗದು 9,000ಕ್ಕೆ ಎಣ್ಣೆ ಕಲೆಯಾದ ನನ್ನ ದಿನದ ಪುಸ್ತಕವೇ ಸಾಕ್ಷಿ. ಉದ್ರಿ ಕೊಟ್ಟದ್ದನ್ನು ಸುಮ್ನೆ ಬಂದ ಹಣಕ್ಕೆ ಸೇರಿಸಬೇಡಿ, ಬಾಕಿ ಅಂತಲೇ ಬರೆಯಿರಿ.