ಹೆಣ್ಣುಮಕ್ಕಳಿಗೂ ಬ್ರಹ್ಮೋಪದೇಶ ಆಗಲಿ

ಮಾನ್ಯರೇ,

ಸಾಮೂಹಿಕ ಉಪನಯನದ ಸುದ್ದಿ ಓದಿದೆ. ಸಾಲಾಗಿ ಕೂತವರೆಲ್ಲ ಗಂಡುಮಕ್ಕಳೇ! ಹೆಣ್ಣುಮಕ್ಕಳಿಗೆ ಜನಿವಾರ ಶಾಸ್ತ್ರದಲ್ಲೇ ಇಲ್ಲ ಎನ್ನುವವರು ಹಾರೀತ ಸ್ಮೃತಿಯ ಮಾತನ್ನು ಒಮ್ಮೆ ನೋಡಬೇಕು. ಅದು ಸ್ತ್ರೀಯರಲ್ಲಿ ವೇದ ಕಲಿಯುವ ಬ್ರಹ್ಮವಾದಿನಿ, ನೇರವಾಗಿ ಮದುವೆಯಾಗುವ ಸದ್ಯೋವಧು ಎಂದು ಎರಡು ಬಗೆ ಹೇಳುತ್ತದೆ. ಬ್ರಹ್ಮವಾದಿನಿಗೆ ಉಪನಯನ, ಅಗ್ನಿಕಾರ್ಯ, ವೇದಪಾಠ ಎಲ್ಲವೂ ಉಂಟು, ಭಿಕ್ಷೆ ಮಾತ್ರ ಸ್ವಂತ ಮನೆಯಲ್ಲೇ ಬೇಡಬೇಕು. ಸದ್ಯೋವಧುವಿಗೂ ಮದುವೆ ಹತ್ತಿರ ಬಂದಾಗ ಹೇಗೋ ಉಪನಯನ ಮುಗಿಸುತ್ತಿದ್ದರು. ಮದುವೆಯೇ ಹೆಣ್ಣಿನ ಉಪನಯನ ಎಂದು ಮನುಸ್ಮೃತಿ ಹೇಳುವುದೂ ನಿಜ, ಅಂದರೆ ಶಾಸ್ತ್ರದಲ್ಲೇ ಎರಡು ದನಿ ಇದೆ ಅಲ್ವಾ?

ಉಪನಯನ ಎಂದರೆ ಕಲಿಯಲು ಗುರುವಿನ ಹತ್ತಿರ ಕರೆದೊಯ್ಯುವುದು. ಅದರ ಜೀವ ಗಾಯತ್ರಿ ಉಪದೇಶ, ಜನಿವಾರ ಅದರ ಗುರುತು. ಈಗ ನೋಡಿ, ಎಷ್ಟೋ ವಟುಗಳಿಗೆ ಊಟ, ಫೋಟೊ ಮುಗಿದ ಮೇಲೆ ಸಂಧ್ಯಾವಂದನೆಯೇ ಮರೆತುಹೋಗುತ್ತದೆ, ಕಲಿಯುವ ಆಸೆ ಇರುವ ಹುಡುಗಿ ಮಾತ್ರ ಬಾಗಿಲ ಹೊರಗೇ. ಆರ್ಯ ಸಮಾಜದವರು ಜಾತಿ, ಲಿಂಗ ನೋಡದೆ ಈ ಸಂಸ್ಕಾರ ಕೊಡುತ್ತಾರೆ. ನಮ್ಮ ಮಠಗಳು ಅಷ್ಟು ದೂರ ಈಗಲೇ ಹೋಗದಿದ್ದರೂ, ಬೇಸಿಗೆ ರಜೆಯ ಸಂಧ್ಯಾವಂದನೆ ಶಿಬಿರಗಳಿಗೆ ಮುಂದಿನ ವರ್ಷದಿಂದ ಹುಡುಗಿಯರನ್ನೂ ಸೇರಿಸಿಕೊಳ್ಳಲಿ. ಪಾಠ ಕಲಿತು, ತಾವೇ ಬಯಸಿ ಕೇಳಿದವರಿಗೆ ಉಪದೇಶ ಕೊಡಲಿ.

– ಓದುಗ, ಶಿರಸಿ