ಲೋಗೋ ಮಾಡಿಸುವ ಸದಸ್ಯರ ಗಮನಕ್ಕೆ

ಡಿಸೈನರ್‌ಗೆ ‘ಚೆನ್ನಾಗಿರಲಿ’ ಎಂದಷ್ಟೇ ಹೇಳಿ ಬಿಡಬೇಡಿ. ಲೋಗೋ ಎಲ್ಲೆಲ್ಲಿ ಬರುತ್ತದೆ ಎಂದು ಬರೆದುಕೊಡಿ: ಬೋರ್ಡು, ಬಿಲ್ಲು, ರಬ್ಬರ್ ಸ್ಟ್ಯಾಂಪು, ವಾಟ್ಸ್ಯಾಪ್ ಡಿಪಿ. ಮೊದಲ ಕರಡನ್ನು ಕಪ್ಪು-ಬಿಳುಪಿನಲ್ಲೇ ಕೇಳಿ, 2 ಸೆಂ.ಮೀ. ಅಗಲಕ್ಕೆ ಪ್ರಿಂಟ್ ತೆಗೆದು ನೋಡಿ. ಅಕ್ಷರ ಕಲಸಿಹೋದರೆ, ತೆಳು ಗೆರೆ ಮಾಯವಾದರೆ ಸ್ಟ್ಯಾಂಪಿನಲ್ಲೂ ಅದೇ ಗತಿ; ಆಗಲೇ ತಿದ್ದಿಸಿ.

ಬಣ್ಣ ಎರಡು ಸಾಕು. ಮೊಬೈಲಿನಲ್ಲಿ ಮಿಂಚುವ ಹಸಿರು, ಕಿತ್ತಳೆ ಕಾಗದದ ಮೇಲೆ ಮಂಕಾಗುತ್ತವೆ. ಪರದೆಯಲ್ಲಿ ಬಣ್ಣ ಮೂಡುವುದು ಬೆಳಕಿನಿಂದ, ಮುದ್ರಣದಲ್ಲಿ ನಾಲ್ಕು ಶಾಯಿಗಳಿಂದ. ಹಾಗಾಗಿ ಪ್ರತಿ ಬಣ್ಣಕ್ಕೂ ಪರದೆಗೆ ಬೇಕಾದ ಹೆಕ್ಸ್ ಮತ್ತು ಮುದ್ರಣಕ್ಕೆ ಬೇಕಾದ ಸಿಎಂವೈಕೆ ಸಂಖ್ಯೆ ಎರಡನ್ನೂ ಬರೆಸಿಕೊಳ್ಳಿ.

ಬಾಕಿ ಹಣ ಕೊಡುವ ಮುನ್ನ, ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ವೆಕ್ಟರ್ ಪಿಡಿಎಫ್ ಪಡೆಯಿರಿ. ಅದನ್ನು ತೆರೆದು 800% ಹಿಗ್ಗಿಸಿ: ಅಂಚು ಚೌಕಚೌಕವಾಗಿ ಒಡೆದರೆ ಒಳಗಿರುವುದು ವೆಕ್ಟರ್ ಅಲ್ಲ, ಫೋಟೋದಂಥ ಬರೀ ಚಿತ್ರ; ಬೋರ್ಡಿನ ಅಳತೆಗೆ ಅದು ಬಾರದು.