ಕಾಯುವ ಪಟ್ಟಿಯೂ ಹುಸಿ ಮಾತ್ರೆಯೂ ಒಂದೇ ಅಲ್ಲ

ಮಾನ್ಯ ಸಂಪಾದಕರೆ,

ನೆಲೆ ಕಳೆದುಕೊಂಡವರನ್ನು ಕಾಡುವ ಆಘಾತೋತ್ತರ ಒತ್ತಡ, ಅಂದರೆ ಪಿಟಿಎಸ್‌ಡಿ, ಕುರಿತು ನಿಮ್ಮ ಪತ್ರಿಕೆ ಪ್ರಕಟಿಸಿದ ಸಾಹಿತ್ಯ ಸಮೀಕ್ಷೆಯ ಭಾಗವನ್ನು ಓದಿದೆವು. ಆಘಾತದ ನೆನಪನ್ನೇ ಕೈಗೆತ್ತಿಕೊಳ್ಳುವ ಮನೋಚಿಕಿತ್ಸೆಯಿಂದ ಆಗುವ ಉಪಯೋಗ ಔಷಧಿಗಿಂತ ಹಲವು ಪಟ್ಟು ಹೆಚ್ಚು ಎಂಬುದು ಅದರ ತೀರ್ಮಾನ. ಮನೋಚಿಕಿತ್ಸೆಗೆ ಮೊದಲ ಸ್ಥಾನ ಕೊಟ್ಟಿರುವುದಕ್ಕೆ ನಮ್ಮ ಆಕ್ಷೇಪವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿಯೂ ವಯಸ್ಕರಿಗೆ ಖಿನ್ನತೆ ನಿವಾರಕಗಳನ್ನು ಮೊದಲ ಚಿಕಿತ್ಸೆಯಾಗಿ ಕೊಡಬಾರದು ಎನ್ನುತ್ತದೆ. ನಮ್ಮ ತಕರಾರು ಆ ‘ಹಲವು ಪಟ್ಟು’ ಎಂಬ ಮಾತಿನ ಬಗ್ಗೆ. ಅದು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಈ ವಿಷಯದ ಸಮೀಕ್ಷೆಗಳು ಹೆಚ್ಚಾಗಿ ಬಿಡಿಸಿ ಹೇಳುವುದಿಲ್ಲ.

ಸಾಮಾನ್ಯವಾಗಿ ಅದು ಹುಟ್ಟುವುದು ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟಾಗ. 2013ರ ಕಾಕ್ರೇನ್ ಸಮೀಕ್ಷೆಯಲ್ಲಿ ಆಘಾತ ಕೇಂದ್ರಿತ ಮನೋಚಿಕಿತ್ಸೆಯ ಪರಿಣಾಮದ ಗಾತ್ರ, ಅಂದರೆ ಎರಡು ಗುಂಪುಗಳ ವ್ಯತ್ಯಾಸವನ್ನು ಅಂಕದ ಹರವಿನಿಂದ ಭಾಗಿಸಿದಾಗ ಬರುವ ಅಂಕಿ, 1.62. 2015ರ ಇನ್ನೊಂದು ಸಮೀಕ್ಷೆಯಲ್ಲಿ ಸೆರ್ಟ್ರಲಿನ್ ಮುಂತಾದ ಎಸ್‌ಎಸ್‌ಆರ್‌ಐ ಬಗೆಯ ಖಿನ್ನತೆ ನಿವಾರಕಗಳದ್ದು 0.23. ಇವೆರಡೂ ನಿರಾಶ್ರಿತರಿಗಷ್ಟೇ ಸೀಮಿತವಾದ ಅಧ್ಯಯನಗಳಲ್ಲ. ಭಾಗಿಸಿ ನೋಡಿದರೆ ಏಳು ಪಟ್ಟು ವ್ಯತ್ಯಾಸ. ಆದರೆ ಮೊದಲನೆಯದರಲ್ಲಿ ಚಿಕಿತ್ಸೆ ಪಡೆದವರನ್ನು ಹೋಲಿಸಿದ್ದು ಕಾಯುವ ಪಟ್ಟಿಯಲ್ಲಿದ್ದವರು ಅಥವಾ ಎಂದಿನ ಆರೈಕೆ ಪಡೆಯುತ್ತಿದ್ದವರ ಜೊತೆ. ಎರಡನೆಯದರಲ್ಲಿ ಹೋಲಿಕೆ ಹುಸಿ ಮಾತ್ರೆ ನುಂಗಿದವರ ಜೊತೆ. ಹುಸಿ ಮಾತ್ರೆಯವರು ಬರಿದೇ ಕಾಯುತ್ತಾ ಕೂತವರಲ್ಲ. ಅವರನ್ನು ವೈದ್ಯರು ಆಗಾಗ ಕಾಣುತ್ತಾರೆ, ನಿದ್ದೆ ಬಂತೇ ಎಂದು ವಿಚಾರಿಸುತ್ತಾರೆ, ಅವರಿಗೆ ತಾವು ಚಿಕಿತ್ಸೆಯಲ್ಲಿದ್ದೇವೆ ಎಂಬ ಭರವಸೆ ಇರುತ್ತದೆ. ಅವರ ಲಕ್ಷಣಗಳೂ ಇಳಿಯುತ್ತವೆ.

ಒಂದು ಲೆಕ್ಕ ಹಾಕಿ ನೋಡೋಣ. ನಿರಾಶ್ರಿತರ ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಸುವ ಹಾರ್ವರ್ಡ್ ಟ್ರಾಮಾ ಪ್ರಶ್ನಾವಳಿಯ ಪಿಟಿಎಸ್‌ಡಿ ಭಾಗದಲ್ಲಿ 16 ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ 1ರಿಂದ 4ರವರೆಗೆ ಅಂಕ, ಕೊನೆಗೆ ಸರಾಸರಿ. ಸಾಮಾನ್ಯವಾಗಿ 2.5 ದಾಟಿದರೆ ಪಿಟಿಎಸ್‌ಡಿ ಇರುವ ಸಂಭವ ಹೆಚ್ಚು ಎಂದು ಹಿಡಿಯುತ್ತಾರೆ. ಮುಂದಿನ ಅಂಕಿಗಳು ಕೇವಲ ಉದಾಹರಣೆಗೆ. ಜನರ ನಡುವಿನ ಅಂಕದ ಹರವು, ಅಂದರೆ ಮಾನಕ ವಿಚಲನೆ, 0.6 ಎಂದುಕೊಳ್ಳಿ. ಮನೋಚಿಕಿತ್ಸೆ ಪಡೆದವರ ಅಂಕ 1.07 ಇಳಿಯಿತು, ಕಾಯುತ್ತಿದ್ದವರದ್ದು 0.10. ವ್ಯತ್ಯಾಸ 0.97, ಅದನ್ನು 0.6ರಿಂದ ಭಾಗಿಸಿದರೆ 1.62. ಮಾತ್ರೆ ತೆಗೆದುಕೊಂಡವರ ಅಂಕ 0.64 ಇಳಿಯಿತು, ಹುಸಿ ಮಾತ್ರೆಯವರದ್ದು 0.50. ವ್ಯತ್ಯಾಸ 0.14, ಭಾಗಿಸಿದರೆ 0.23. ಇಲ್ಲಿ ಚಿಕಿತ್ಸೆ ಪಡೆದವರಲ್ಲಿ ಆದ ಇಳಿಕೆಯನ್ನೇ ನೋಡಿದರೆ 1.07 ಮತ್ತು 0.64, ಎರಡು ಪಟ್ಟೂ ಇಲ್ಲ. ಹಾಗೆಂದು ಈ ಎರಡನ್ನು ನೇರವಾಗಿ ಹೋಲಿಸುವುದೂ ಸರಿಯಲ್ಲ, ಏಕೆಂದರೆ ಎರಡು ಪ್ರಯೋಗಗಳಿಗೆ ಬಂದವರು ಬೇರೆ ಬೇರೆ ಜನ. ಏಳು ಪಟ್ಟಿನಲ್ಲಿ ಬಹುಪಾಲು ಹೋಲಿಕೆಗೆ ಆರಿಸಿಕೊಂಡ ಗುಂಪಿನಿಂದಲೇ ಬರಬಹುದು ಎಂದು ತೋರಿಸಲು ಮಾತ್ರ ಈ ಲೆಕ್ಕ.

ಹಾಗಾಗಿ ಇಂಥ ಸಮೀಕ್ಷೆಯ ಕೋಷ್ಟಕದಲ್ಲಿ ‘ಯಾರೊಂದಿಗೆ ಹೋಲಿಕೆ’ ಎಂಬ ಅಂಕಣ ಇರಲೇಬೇಕು. ಅದಿದ್ದರೆ ಯಾವ ಅಧ್ಯಯನಕ್ಕೆ ಎಷ್ಟು ತೂಕ ಎಂಬುದು ತಾನಾಗಿಯೇ ಕಾಣುತ್ತದೆ. ಉಗಾಂಡಾದ ಇಂವೆಪಿ ವಸತಿಯಲ್ಲಿ ಸುಡಾನ್ ನಿರಾಶ್ರಿತರ ನಡುವೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗವನ್ನೇ ತೆಗೆದುಕೊಳ್ಳಿ. ಅದರಲ್ಲಿದ್ದದ್ದು ನೆರೇಟಿವ್ ಎಕ್ಸ್‌ಪೋಶರ್ ಥೆರಪಿ: ವ್ಯಕ್ತಿ ತನ್ನ ಬದುಕನ್ನು ಹುಟ್ಟಿನಿಂದ ಕಾಲಕ್ರಮದಲ್ಲಿ ಹೇಳುತ್ತಾ ಬರುತ್ತಾನೆ, ಆಘಾತದ ಘಟನೆ ಬಂದಲ್ಲಿ ನಿಧಾನಿಸಿ ಆಗ ಕಂಡದ್ದು, ಕೇಳಿದ್ದು, ಮೈಗೆ ಆದದ್ದು ಎಲ್ಲವನ್ನೂ ಮಾತಿಗೆ ತರುತ್ತಾನೆ, ಚಿಕಿತ್ಸಕರು ಅದನ್ನು ಬರೆದು ಮುಂದಿನ ಭೇಟಿಯಲ್ಲಿ ಓದಿ ಹೇಳುತ್ತಾರೆ. ನಾಲ್ಕೇ ಭೇಟಿ. ವರ್ಷದ ನಂತರ ಈ ಗುಂಪಿನಲ್ಲಿ ಶೇ 29 ಮಂದಿಗೆ ಪಿಟಿಎಸ್‌ಡಿ ಉಳಿದಿತ್ತು, ಬೆಂಬಲದ ಆಪ್ತಸಲಹೆ ಪಡೆದವರಲ್ಲಿ ಶೇ 79 ಮಂದಿಗೆ. ಇಲ್ಲಿ ಹೋಲಿಕೆ ಖಾಲಿ ಕಾಯುವಿಕೆಯೊಂದಿಗಲ್ಲ, ಇನ್ನೊಂದು ಬಗೆಯ ಮಾತುಕತೆಯೊಂದಿಗೆ. ಈ ಅಧ್ಯಯನದ ಬಲ ಇರುವುದು ಅದರಲ್ಲೇ. ದೌರ್ಬಲ್ಯ ಗಾತ್ರದಲ್ಲಿ. ಇಲ್ಲಿ ಹೇಳದ ಇನ್ನೊಂದನ್ನೂ ಸೇರಿಸಿ ಮೂರು ಗುಂಪಿನಲ್ಲಿ 43 ಜನ. ಒಬ್ಬರ ಫಲಿತಾಂಶ ಬದಲಾದರೂ ಶೇಕಡಾವಾರು ಆರೇಳು ಅಂಶ ಅತ್ತಿತ್ತ ಆಗುತ್ತದೆ.

ಔಷಧಿ ಮತ್ತು ಮನೋಚಿಕಿತ್ಸೆಯನ್ನು ನಿರಾಶ್ರಿತರಲ್ಲೇ ಎದುರುಬದುರು ನಿಲ್ಲಿಸಿದ ಪ್ರಯೋಗಗಳು ಬೆರಳೆಣಿಕೆಯವು. 2003ರಲ್ಲಿ ಕಾಂಬೋಡಿಯಾ ಮೂಲದ ಕೇವಲ ಹತ್ತು ಮಹಿಳೆಯರಲ್ಲಿ ಸೆರ್ಟ್ರಲಿನ್ ಮಾತ್ರ ಕೊಟ್ಟು ಮತ್ತು ಅದರ ಜೊತೆ ಮನೋಚಿಕಿತ್ಸೆ ಸೇರಿಸಿ ನೋಡಿದ್ದರು. ಅದು ಪ್ರಾಥಮಿಕ ಪ್ರಯತ್ನ. ದೊಡ್ಡದು ಡೆನ್ಮಾರ್ಕಿನದು, 2016ರಲ್ಲಿ ಪ್ರಕಟವಾದದ್ದು, 280 ಜನರದ್ದು. ನಾಲ್ಕು ಗುಂಪು: ಔಷಧಿ, ಮನೋಚಿಕಿತ್ಸೆ, ಎರಡೂ, ಮತ್ತು ಕಾಯುವ ಪಟ್ಟಿ. ಔಷಧಿ ಎಂದರೆ ಸೆರ್ಟ್ರಲಿನ್, ಜೊತೆಗೆ ಮಿಯಾನ್ಸೆರಿನ್ ಎಂಬ ಇನ್ನೊಂದು ಖಿನ್ನತೆ ನಿವಾರಕ. ಪಿಟಿಎಸ್‌ಡಿ ಲಕ್ಷಣಗಳ ಮೇಲೆ ಔಷಧಿಯೂ ಪರಿಣಾಮ ತೋರಲಿಲ್ಲ, ಮನೋಚಿಕಿತ್ಸೆಯೂ ತೋರಲಿಲ್ಲ. ಖಿನ್ನತೆಯಲ್ಲಿ ಮಾತ್ರ ಔಷಧಿಯಿಂದ ಸಣ್ಣ ಸುಧಾರಣೆ ಕಂಡಿತು. ನಿಮ್ಮಲ್ಲಿ ಪ್ರಕಟವಾದ ಭಾಗ ಈ ಪ್ರಯೋಗವನ್ನು ಒಂದು ಸಾಲಿನಲ್ಲಿ ದಾಟಿಸಿ ‘ಮಿಶ್ರ ಫಲಿತಾಂಶ’ ಎಂದು ಬಿಟ್ಟಿದೆ. ನಮ್ಮ ದೃಷ್ಟಿಯಲ್ಲಿ ಇಡೀ ಸಮೀಕ್ಷೆ ನಿಧಾನಿಸಬೇಕಾದ ಜಾಗ ಇದೇ.

ಇಂವೆಪಿಯಲ್ಲಿ ಕೆಲಸ ಮಾಡಿದ್ದು ಡೆನ್ಮಾರ್ಕಿನಲ್ಲಿ ಏಕೆ ಮಾಡಲಿಲ್ಲ? ಹೆಸರು ಎರಡೂ ಕಡೆ ಆಘಾತ ಕೇಂದ್ರಿತ ಎಂದೇ, ಆದರೆ ಒಳಗಿನ ಸರಕು ಬೇರೆ. ಡೆನ್ಮಾರ್ಕಿನ ಕೈಪಿಡಿ ಚಿಕಿತ್ಸಕರಿಗೆ ಆಯ್ಕೆಯ ಸ್ವಾತಂತ್ರ್ಯ ಕೊಟ್ಟಿತ್ತು. ನೆನಪನ್ನು ಎದುರಿಸುವ ಭಾಗದ ಜೊತೆಗೆ ಮೈಂಡ್‌ಫುಲ್‌ನೆಸ್ ಇತ್ಯಾದಿಯೂ ಅದರಲ್ಲಿದ್ದವು. ಹೀಗಿದ್ದಾಗ ಒಟ್ಟು ಎಷ್ಟು ಭೇಟಿ ಎಂದು ಎಣಿಸಿದರೆ ಸಾಲದು, ಅವುಗಳಲ್ಲಿ ಎಷ್ಟರಲ್ಲಿ ಆಘಾತದ ನೆನಪನ್ನು ನಿಜಕ್ಕೂ ಮಾತಾಡಿಸಿದರು ಎಂದು ಕೇಳಬೇಕು. ದುಭಾಷಿ ನಡುವೆ ಇದ್ದರೆ ಒಂದು ಗಂಟೆಯ ಭೇಟಿಯಲ್ಲಿ ಸಿಗುವ ಮಾತಿನ ಹೊತ್ತೂ ಅರ್ಧಕ್ಕಿಳಿಯುತ್ತದೆ. ಬಂದವರಲ್ಲಿ ದೀರ್ಘಕಾಲದ ನೋವು, ಖಿನ್ನತೆ, ಚಿತ್ರಹಿಂಸೆಯ ಹಿನ್ನೆಲೆ ಇದ್ದವರೂ ಬಹಳ ಮಂದಿ. ಪ್ರಯೋಗ ಸೋತಿತೆಂದರೆ ಚಿಕಿತ್ಸೆಯೇ ಸೋತಿತೆಂದು ಬರೆಯುವ ಮೊದಲು ಇವನ್ನೆಲ್ಲ ಪಟ್ಟಿ ಮಾಡಬೇಕು. ಔಷಧಿಯ ಕಡೆಗೂ ಇದೇ ನ್ಯಾಯ: ಡೋಸ್ ಎಷ್ಟರವರೆಗೆ ಏರಿಸಿದರು, ಎಷ್ಟು ವಾರ ಜನ ಅದನ್ನು ನಿಜವಾಗಿ ನುಂಗಿದರು ಎಂಬುದು ಕೋಷ್ಟಕದಲ್ಲಿ ಕಾಣಬೇಕು.

ಅಳತೆಯ ಸಮಯದ ವಿಚಾರವೂ ಒಂದಿದೆ. ಮನೋಚಿಕಿತ್ಸೆಯ ಫಲವನ್ನು ಭೇಟಿಗಳು ಮುಗಿದ ಮೇಲೆ, ಕೆಲವೊಮ್ಮೆ ವರ್ಷದ ನಂತರ ಅಳೆಯುತ್ತಾರೆ. ಔಷಧಿಯದ್ದನ್ನು ಮಾತ್ರೆ ನುಂಗುತ್ತಿರುವಾಗಲೇ ಅಳೆಯುವುದು ರೂಢಿ. ಒಂದು ಶಿಬಿರದಿಂದ ಇನ್ನೊಂದಕ್ಕೆ ಸಾಗಿಸಿದ ದಿನ ಮಾತ್ರೆ ಸರಬರಾಜು ನಿಂತರೆ ಸೆರ್ಟ್ರಲಿನ್ ಹಠಾತ್ತನೆ ತಪ್ಪಿ ತಲೆಸುತ್ತು, ತಳಮಳ, ನಿದ್ರಾಭಂಗ ಶುರುವಾಗಬಹುದು. ಅದನ್ನು ಕಾಯಿಲೆ ಮರುಕಳಿಸಿತೆಂದು ತಪ್ಪಾಗಿ ಓದುವ ಸಾಧ್ಯತೆ ದೊಡ್ಡದು. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಬಂದು ಮತ್ತೆ ಶುರು ಮಾಡಿದೊಡನೆ ಇಳಿದರೆ ಅದು ಔಷಧಿ ಬಿಟ್ಟದ್ದರ ಲಕ್ಷಣ ಎನ್ನಲು ಹೆಚ್ಚು ಆಧಾರವಿದೆ.

ಆ ತೀರ್ಮಾನದ ಸಾಲಿಗೆ ಬದಲಾಗಿ ಇದನ್ನು ಹಾಕಬಹುದು: ‘ನೆಲೆ ಕಳೆದುಕೊಂಡವರಲ್ಲಿ ಆಘಾತ ಕೇಂದ್ರಿತ ಮನೋಚಿಕಿತ್ಸೆಗೆ ಔಷಧಿಗಿಂತ ಹೆಚ್ಚಿನ ಪುರಾವೆ ಇದೆ, ಎರಡನ್ನೂ ನೇರವಾಗಿ ಹೋಲಿಸಿದ ದೊಡ್ಡ ಪ್ರಯೋಗದಲ್ಲಿ ಪಿಟಿಎಸ್‌ಡಿ ಲಕ್ಷಣಗಳ ಮಟ್ಟಿಗೆ ಯಾವುದೂ ಕಾಯುವ ಪಟ್ಟಿಗಿಂತ ಮೇಲಾಗಿ ಕಾಣಲಿಲ್ಲ, ಮನೋಚಿಕಿತ್ಸೆ ದೊರೆಯದಲ್ಲಿ, ಫಲಿಸದಲ್ಲಿ, ಅಥವಾ ಜೊತೆಗೆ ಗಣನೀಯ ಖಿನ್ನತೆ ಇರುವಲ್ಲಿ ಔಷಧಿಯನ್ನು ಪರಿಗಣಿಸಬಹುದು.’

ಇತಿ,
ಮನೋವೈದ್ಯಕೀಯ ಸಂಶೋಧನೆಯಲ್ಲಿ ತೊಡಗಿರುವ ಇಬ್ಬರು ಓದುಗರು